ಹಸಿ ಗಾರೆಯ ಮೇಲೆ ಹೊಡೆದ ಹೊರಬಣ್ಣ ಕಿತ್ತು ಬರುತ್ತಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಮನೆ ಪೇಂಟಿಂಗ್ ಸೇವಾ ವಿಭಾಗ,
ತುಮಕೂರು

ಮಾನ್ಯರೇ,

ಕ್ಯಾತ್ಸಂದ್ರದ ನಮ್ಮ ಹೊಸ ಮನೆಗೆ ಆಗಸ್ಟ್‌ನಲ್ಲಿ ನಿಮ್ಮವರು ಹೊರಬಣ್ಣ ಹೊಡೆದರು. ದೀಪಾವಳಿ ಹೊತ್ತಿಗೆ ಪಶ್ಚಿಮದ ಗೋಡೆಯಲ್ಲಿ ಬೊಬ್ಬೆ ಎದ್ದವು. ಈಗ ಅಂಗೈ ಅಗಲದ ಚಕ್ಕೆಗಳು ಉದುರುತ್ತಿವೆ. ನೋಡಲು ಬಂದ ಸೂಪರ್‌ವೈಸರ್, "ಟೆರೇಸ್ ಸೋರ್ತಿದೆ ಸಾರ್, ಗೋಡೆ ದೋಷ, ವಾರಂಟಿಗೆ ಬರಲ್ಲ" ಎಂದು ಹೇಳಿ ಹೊರಟುಬಿಟ್ಟರು. ಈ ಮಾತನ್ನು ನಾನು ಒಪ್ಪುವುದಿಲ್ಲ.

ಟೆರೇಸ್ ಸೋರಿದ್ದರೆ ಪ್ಯಾರಾಪೆಟ್‌ನಿಂದ ಕೆಳಕ್ಕೆ ಕಲೆ ಇಳಿಯಬೇಕಿತ್ತು. ನೆಲದ ತೇವ ಏರಿದ್ದರೆ ಬುಡದಲ್ಲಿ ಕಾಣಬೇಕಿತ್ತು. ಇಲ್ಲಿ ಎರಡೂ ಕಡೆ ಬಣ್ಣ ಗಟ್ಟಿಯಾಗಿದೆ, ಕಿತ್ತಿರುವುದು ಗೋಡೆಯ ನಡುಭಾಗದಲ್ಲಿ, ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ. ಗಾರೆಯೊಳಗೆ ಉಳಿದ ನೀರು ಬಿಸಿಲಿಗೆ ಆವಿಯಾಗಿ ಹೊರಬರಲು ನೋಡುತ್ತದೆ; ದಾರಿ ಸಾಲದಿದ್ದಾಗ ಬಣ್ಣದ ಪದರವನ್ನೇ ಮೇಲಕ್ಕೆತ್ತುತ್ತದೆ.

ಪೂರ್ವದ ಗೋಡೆಗೂ ಅದೇ ಬಣ್ಣ, ಅದೇ ಪೇಂಟರ್‌ಗಳು. ಅಲ್ಲಿ ಒಂದು ಚಕ್ಕೆಯೂ ಎದ್ದಿಲ್ಲ. ವ್ಯತ್ಯಾಸ ಒಂದೇ: ಪೂರ್ವದ ಗಾರೆ ಮೇ ತಿಂಗಳಲ್ಲೇ ಮುಗಿದಿತ್ತು. ಪಕ್ಕದ ಸೈಟಿನವರ ಜಲ್ಲಿ ರಾಶಿಯಿಂದಾಗಿ ಪಶ್ಚಿಮಕ್ಕೆ ಸಾರವೆ ಕಟ್ಟಲಾಗದೆ ಅಲ್ಲಿನ ಗಾರೆ ಮುಗಿದದ್ದು ಜುಲೈ 28ಕ್ಕೆ. ಮೇಸ್ತ್ರಿ ಒಂದು ವಾರ ನೀರು ಹೊಡೆದರು, ಅದು ಸರಿಯೇ. ಆದರೆ ಆಗಸ್ಟ್ 11ಕ್ಕೆ ನಿಮ್ಮವರು ಪ್ರೈಮರ್ ಬಳಿದರು. ಆ ನೀರು ಆರಲು ಸಿಕ್ಕಿದ್ದು ಒಂದೇ ವಾರ, ಅದೂ ಮಳೆಗಾಲದಲ್ಲಿ. ಹೊಸ ಗಾರೆಗೆ ಕನಿಷ್ಠ 28 ದಿನ ಬಿಡಬೇಕೆಂದು ಬಣ್ಣದ ಕಂಪನಿಗಳೇ ಹೇಳುತ್ತವೆ. ಅದೂ ಒಣ ಹವೆಯ ಲೆಕ್ಕ. ಮಳೆ ಹಿಡಿದರೆ ಇನ್ನೂ ಕಾಯಬೇಕು. ಇನ್ನೂ ಕಾಯಬೇಕಲ್ಲವೇ ಎಂದು ಅಂದು ಕೇಳಿದ್ದಕ್ಕೆ ನಿಮ್ಮ ಸೂಪರ್‌ವೈಸರ್ ಗೋಡೆ ತಟ್ಟಿ ನೋಡಿ, "ಒಣಗಿದೆ ಬಿಡಿ ಸಾರ್" ಎಂದಿದ್ದರು. ತಟ್ಟಿದರೆ ಗಾರೆ ಟೊಳ್ಳೋ ಗಟ್ಟಿಯೋ ಗೊತ್ತಾಗುತ್ತದೆ, ತೇವ ಗೊತ್ತಾಗುವುದಿಲ್ಲ.

ತೇವದ ಜೊತೆಗೆ ಕ್ಷಾರದ ಕಾಟವೂ ಇದೆ. ಸಿಮೆಂಟು ನೀರು ಕುಡಿದು ಗಟ್ಟಿಯಾಗುವಾಗ ಅದರೊಳಗೆ ಸುಣ್ಣ ಹುಟ್ಟುತ್ತದೆ. ಹಾಗಾಗಿ ಹಸಿ ಗಾರೆಯ ಪಿಎಚ್ 12ರಿಂದ 13ರವರೆಗೂ ಇರುತ್ತದೆ. ವಾರಗಟ್ಟಲೆ ಗಾಳಿಗೆ ಬಿಟ್ಟರೆ ಮೇಲ್ಪದರದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸೌಮ್ಯವಾಗುತ್ತದೆ. ಅದಕ್ಕೆ ಮೊದಲೇ ಬಣ್ಣ ಮುಚ್ಚಿದರೆ, ತೇವದಲ್ಲಿ ಕರಗಿದ ಕ್ಷಾರ ಬಣ್ಣದ ಅಂಟನ್ನು ಕೆಡಿಸುತ್ತದೆ, ಕೆಲವು ಬಣ್ಣಗಳನ್ನು ಬಿಳಿಚಿಸುತ್ತದೆ. ನಮ್ಮ ಇಟ್ಟಿಗೆ ಕೆಂಪು ಅಲ್ಲಲ್ಲಿ ಬೂದಿ ಬಣ್ಣಕ್ಕೆ ತಿರುಗಿರುವುದನ್ನು ಫೋಟೊದಲ್ಲಿ ನೋಡಿ. ಚಕ್ಕೆ ಎದ್ದ ಜಾಗಕ್ಕೆ ಡಿಸ್ಟಿಲ್ಡ್ ನೀರು ಸವರಿ ಪಿಎಚ್ ಪಟ್ಟಿ ಒತ್ತಿದೆ: ಇವತ್ತಿಗೂ 12 ತೋರಿಸುತ್ತಿದೆ. ಪೂರ್ವದ ಗೋಡೆಯಲ್ಲಿ ಚೂರು ಬಣ್ಣ ಕೆರೆದು ನೋಡಿದರೆ 9. ಬೋಳು ಗಾರೆಗೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚು ಟೇಪಿನಿಂದ ಬಿಗಿದು ರಾತ್ರಿ ಬಿಟ್ಟೆ. ಬೆಳಿಗ್ಗೆ ಒಳಮೈಯಲ್ಲಿ ನೀರ ಹನಿಗಳಿದ್ದವು. ನಿಮ್ಮವರು ಆಗಸ್ಟ್‌ನಲ್ಲೇ ಇಷ್ಟು ಮಾಡಿದ್ದರೆ ಖರ್ಚು ನೂರಿನ್ನೂರು ರೂಪಾಯಿ ದಾಟುತ್ತಿರಲಿಲ್ಲ.

ಇನ್ನು ಪ್ರೈಮರ್. ಬಿಲ್ಲಿನಲ್ಲಿರುವುದು ಹೊರಗೋಡೆಯ, ಕ್ಷಾರ ತಡೆಯುವ ಪ್ರೈಮರ್. ಮೆಟ್ಟಿಲ ಕೆಳಗೆ ನಿಮ್ಮವರು ಬಿಟ್ಟುಹೋದ ಡಬ್ಬಗಳ ಮೇಲಿರುವುದು ಒಳಗೋಡೆಯ ಪ್ರೈಮರ್ ಎಂದು. ಉದುರಿದ ಚಕ್ಕೆ ತಿರುಗಿಸಿದರೆ ಬಣ್ಣದ ಹಿಂದೆ ಬಿಳಿ ಪ್ರೈಮರ್ ಹಾಗೇ ಅಂಟಿಕೊಂಡಿದೆ, ಅದರ ಮೇಲೆ ಉಪ್ಪಿನಂಥ ಪುಡಿಯಿದೆ. ಅಂದರೆ ಪ್ರೈಮರ್ ಗಾರೆಯನ್ನು ಹಿಡಿದೇ ಇಲ್ಲ. ಸರಿಯಾದ ಪ್ರೈಮರ್ ಬಳಿದಿದ್ದರೂ ಆ ಹಸಿ ಗೋಡೆಯಲ್ಲಿ ಪೂರ್ತಿ ಉಳಿಯುತ್ತಿತ್ತೆಂದು ನಾನು ಹೇಳುವುದಿಲ್ಲ. ಕ್ಷಾರ ತಡೆದರೂ ಹಿಂದಿನಿಂದ ದೂಡುವ ನೀರನ್ನು ಪ್ರೈಮರ್ ತಡೆಯಲಾರದು. ಆದರೆ ಒಂದಕ್ಕೆ ದುಡ್ಡು ತೆಗೆದುಕೊಂಡು ಇನ್ನೊಂದನ್ನು ಬಳಿದಿದ್ದಕ್ಕೆ ನೀವು ಉತ್ತರ ಕೊಡಬೇಕು.

ಗೋಡೆಯಲ್ಲಿ ದೋಷವಿತ್ತು ಎನ್ನುವುದಾದರೆ, ಗೋಡೆ ತಯಾರಿದೆ ಎಂದು ಒಪ್ಪಿ ಕೆಲಸ ಶುರು ಮಾಡಿದವರು ನೀವೇ. ನಿಮ್ಮ ಕರಾರಿನಲ್ಲೇ "ಮೇಲ್ಮೈ ತಪಾಸಣೆ" ಎಂಬ ಸಾಲಿಗೆ ಹಣ ಹಾಕಿದ್ದೀರಿ.

ಅಲ್ಲಲ್ಲಿ ತೇಪೆ ಹಚ್ಚುವುದು ಬೇಡ. ಪಶ್ಚಿಮದ ಇಡೀ ಗೋಡೆಯ ಬಣ್ಣ, ಪ್ರೈಮರ್ ಕೆರೆದು ತೆಗೆಯಿರಿ. ಬಿಳಿ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿಸಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗಾರೆಗೇ ಇಳಿಯುತ್ತದೆ. ಆಮೇಲೆ ಗೋಡೆಯನ್ನು ಬೋಳಾಗಿಯೇ ಬಿಡಿ. ಪ್ಲಾಸ್ಟಿಕ್ ಹಾಳೆ ಬೆಳಿಗ್ಗೆ ಒಣಗಿರುವವರೆಗೆ, ಪಿಎಚ್ 9ರ ಆಸುಪಾಸಿಗೆ ಇಳಿಯುವವರೆಗೆ ಯಾರೂ ಬ್ರಷ್ ಮುಟ್ಟಬಾರದು. ಫೆಬ್ರವರಿ ಆದರೂ ನನಗೆ ಅಡ್ಡಿಯಿಲ್ಲ. ಆ ಅಳತೆಗಳನ್ನು ಬರೆದು ಸಹಿ ಮಾಡಿ ಕೊಟ್ಟ ಮೇಲೆ, ಬಿಲ್ಲಿನಲ್ಲಿರುವ ಪ್ರೈಮರ್‌ನ ಡಬ್ಬವನ್ನು ನನ್ನೆದುರೇ ತೆರೆದು, ಡಬ್ಬದ ಮೇಲೆ ಹೇಳಿದಷ್ಟೇ ನೀರು ಬೆರೆಸಿ ಬಳಿಯಿರಿ. ನಂತರ ಎರಡು ಕೋಟ್ ಹೊರಬಣ್ಣ. ಸಾಮಾನು, ಸಾರವೆ, ಕೂಲಿ ಎಲ್ಲವೂ ನಿಮ್ಮದೇ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಬಿಲ್ಲಿನ ಪ್ರತಿ, ಗೋಡೆ ಮತ್ತು ಡಬ್ಬಗಳ ಫೋಟೊ, ಗಾರೆ ಮೇಸ್ತ್ರಿಯ ಕೂಲಿ ಚೀಟಿ ಲಗತ್ತಿಸಿದ್ದೇನೆ. ಚಕ್ಕೆಗಳನ್ನು ಕವರಿನಲ್ಲಿ ತೆಗೆದಿಟ್ಟಿದ್ದೇನೆ, ನಿಮ್ಮವರು ಬಂದರೆ ತೋರಿಸುತ್ತೇನೆ.

ಇಂತಿ,
ಮನೆಯ ಮಾಲೀಕ,
ಕ್ಯಾತ್ಸಂದ್ರ, ತುಮಕೂರು