ಎಲ್ಲರ ಮುಂದೆಯೂ ನಾಲ್ಕು

ಮೊನ್ನೆ ಸೋಮವಾರಕ್ಕೆ ನಾನು ಮತ್ತೆ ವ್ಯಾನ್ ಹತ್ತಿ ಒಂದು ವರ್ಷ ಆಯ್ತು. ಇಷ್ಟು ದಿನ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಿರಲಿಲ್ಲ. ಹೇಳಬೇಕು ಅಂದ್ರೆ ಏನಾಗಿತ್ತು ಅಂತ ಮೊದಲು ಒಪ್ಪಿಕೊಳ್ಳಬೇಕಲ್ವಾ, ಅದಕ್ಕೇ ಮುಂದೂಡುತ್ತಾ ಬಂದೆ.

ನಾನು ತುಮಕೂರು ಕಡೆ ಮನೆಮನೆಗೆ ಹೋಗುವ ಪಾಲಿಯೇಟಿವ್ ಕೇರ್ ತಂಡದ ನರ್ಸ್. ಆಸ್ಪತ್ರೆಯಲ್ಲಿ ಇನ್ನು ಮಾಡೋದಕ್ಕೇನೂ ಇಲ್ಲ ಅಂತ ಮನೆಗೆ ಕಳಿಸಿದ ಕ್ಯಾನ್ಸರ್ ರೋಗಿಗಳೇ ಜಾಸ್ತಿ. ಗಾಯ ತೊಳೆದು ಡ್ರೆಸಿಂಗ್ ಮಾಡುತ್ತೇವೆ, ವಾಸನೆ ಬರದ ಹಾಗೆ ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಉದುರಿಸುತ್ತೇವೆ, ನೋವಿಗೆ ಕೊಡುವ ಮಾರ್ಫಿನ್ ಹೊತ್ತಿಗೆ ಸರಿಯಾಗಿ ಹೋಗ್ತಿದೆಯಾ ನೋಡುತ್ತೇವೆ. ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತೇವೆ: ನೋವು ಹತ್ತರಲ್ಲಿ ಎಷ್ಟು? ವಯಸ್ಸಾದವರಿಗೆ ಅದು ತಿಳಿಯದಿದ್ದರೆ ರೂಪಾಯಿಗೆ ಎಷ್ಟಾಣೆ ಅಂತ ಕೇಳಿದರಾಯ್ತು, ಥಟ್ಟಂತ ಹೇಳುತ್ತಾರೆ.

ಆ ಪ್ರಶ್ನೆ ಕೇಳುವುದನ್ನೇ ನಾನು ಬಿಟ್ಟುಬಿಟ್ಟಿದ್ದೆ. ನನಗೇ ಗೊತ್ತಿರಲಿಲ್ಲ.

ಕಂಡುಹಿಡಿದದ್ದು ನಮ್ಮ ಸೀನಿಯರ್ ಸಿಸ್ಟರ್. ಮೊದಲ ಥ್ಯಾಂಕ್ಸ್ ಅವರಿಗೆ. ಒಂದು ಸಂಜೆ ಕರೆದು ನನ್ನ ರಿಜಿಸ್ಟರ್ ಮುಂದಿಟ್ಟರು. ಎರಡು ವಾರದಲ್ಲಿ 31 ಮನೆ. ನೋವಿನ ಕಾಲಮ್ಮಿನಲ್ಲಿ 27 ಕಡೆ ನಾಲ್ಕು, ನಾಲ್ಕು, ನಾಲ್ಕು. ಅವರು ಬೈಯಲಿಲ್ಲ. "ಇದರಲ್ಲಿ ಎಷ್ಟು ಜನರನ್ನ ಕೇಳಿ ಬರೆದೆ ಪುಟ್ಟಿ?" ಅಂದರು, ಅಷ್ಟೇ.

ನಾಲ್ಕೇ ಯಾಕೆ ಅಂತ ಆಮೇಲೆ ಯೋಚಿಸಿದೆ. ಏಳು ಅಂತ ಬರೆದರೆ ಡಾಕ್ಟರಿಗೆ ಫೋನ್ ಮಾಡಬೇಕು, ಇನ್ನರ್ಧ ಗಂಟೆ ಆ ಮನೆಯಲ್ಲಿ ಕೂರಬೇಕು, ನೋವಿನಲ್ಲಿರುವವರ ಮುಖ ನೋಡ್ತಾ ಇರಬೇಕು. ಒಂದು ಅಂತ ಬರೆದರೆ ಯಾರೂ ನಂಬಲ್ಲ. ನಾಲ್ಕು ಅಂದ್ರೆ ಯಾರೂ ಏನೂ ಕೇಳಲ್ಲ. ನನ್ನ ಮೈಮನಸ್ಸು ನನ್ನನ್ನು ಕೇಳದೇನೇ ಆ ನಂಬರ್ ಹುಡುಕಿಕೊಂಡಿತ್ತು.

ಇದರಿಂದ ಒಬ್ಬರಿಗೆ ನಿಜವಾಗಿ ತೊಂದರೆ ಆಯ್ತು. ಬಾಯಿ ಕ್ಯಾನ್ಸರಿನ ಒಬ್ಬರು, ದವಡೆ ಗಾಯ ಕೆನ್ನೆ ತೂತಾಗಿ ಹೊರಗೆ ಬಂದಿತ್ತು. ನಾಲ್ಕು ಗಂಟೆಗೊಂದು ಮಾರ್ಫಿನ್ ಮಾತ್ರೆ, ಮಧ್ಯರಾತ್ರಿ ಏಳುವುದು ಬೇಡ ಅಂತ ಮಲಗುವಾಗ ಎರಡು. ಅಂದ್ರೆ ದಿನಕ್ಕೆ ಆರು, ಹದಿನಾಲ್ಕು ದಿನಕ್ಕೆ 84. ಆ ಎರಡು ವಾರದಲ್ಲಿ ನಾನು ಎರಡು ಸಲ ಹೋಗಿದ್ದೆ. ಡ್ರೆಸಿಂಗ್ ಚೆನ್ನಾಗೇ ಮಾಡಿದ್ದೆ, ನಾಲ್ಕು ಅಂತ ಬರೆದಿದ್ದೆ, ಮಾತ್ರೆ ಎಣಿಸಿರಲಿಲ್ಲ. ಹದಿನಾಲ್ಕನೇ ದಿನ ಹೋದವಳು ನನ್ನ ಜೊತೆಗಾತಿ. ಅವಳು ಡಬ್ಬಿ ತೆಗೆದು ಎಣಿಸಿದರೆ 56 ಹಾಗೇ ಇವೆ. ಹೆಂಡತಿ ದಿನಕ್ಕೆ ಎರಡೇ ಕೊಡುತ್ತಿದ್ದರು. "ಜಾಸ್ತಿ ಕೊಟ್ರೆ ಚಟ ಹತ್ತುತ್ತಂತಲ್ಲಾ ಸಿಸ್ಟರ್" ಅಂದರಂತೆ. ಆ ಭಯ ಹತ್ತರಲ್ಲಿ ಎಂಟು ಮನೆಯಲ್ಲಿ ಇರುತ್ತೆ, ಕೂತು ಹತ್ತು ನಿಮಿಷ ಹೇಳಿದರೆ ಹೋಗುತ್ತೆ. ಆ ಹತ್ತು ನಿಮಿಷ ನಾನು ಕೂತಿರಲಿಲ್ಲ. ಅವರ ನೋವು ಅವತ್ತು ಒಂಬತ್ತು ಇತ್ತು.

ಡಾಕ್ಟರ್ ಡೋಸ್ ಮತ್ತೆ ಹೊಂದಿಸಿದರು. ಮೂರು ದಿನದಲ್ಲಿ ಅವರು ರಾತ್ರಿ ನಿದ್ದೆ ಮಾಡುವ ಹಾಗಾಯ್ತು.

ನಾನು ಅಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಸುಸ್ತಾದ ನರ್ಸ್ ಅಂದ್ರೆ ಬಾತ್‌ರೂಮಿನಲ್ಲಿ ಕೂತು ಅಳುವವಳು ಅಂತ ನಾನು ಅಂದುಕೊಂಡಿದ್ದೆ. ನನಗೆ ಆಗಿದ್ದು ಅದರ ಉಲ್ಟಾ. ಮನೆಯಲ್ಲಿ ಮಗಳು ಮೆಟ್ಟಿಲಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಾಗ "ಇಷ್ಟಕ್ಕೆಲ್ಲಾ ಅಳ್ತಾರಾ" ಅಂದಿದ್ದೆ. ಅವಳಿಗೆ ಆರು ವರ್ಷ. ಮಧ್ಯಾಹ್ನ ಊಟಕ್ಕೆ ಕೂತರೆ ಬೆಳಿಗ್ಗೆ ನೋಡಿದ ಗಾಯವೇ ಕಣ್ಣ ಮುಂದೆ. ನನ್ನ ಕೆನ್ನೆಯೊಳಗೆ ಸುಮ್ನೆ ನಾಲಿಗೆ ಆಡಿಸಿ ಗಂಟಿದೆಯಾ ಅಂತ ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತಿದ್ದೆ. ನಾನು ಅಡಿಕೆ ಚೂರೂ ಬಾಯಿಗೆ ಹಾಕಿದವಳಲ್ಲ!

ತಂಡದ ಕೌನ್ಸೆಲರ್ ಮೇಡಂಗೆ ಎರಡನೇ ಥ್ಯಾಂಕ್ಸ್. ಅವರು ಒಂದು ಹಾಳೆ ಕೊಟ್ಟರು. ಹೆಸರು ಪ್ರೊಕ್ವಾಲ್, 30 ಪ್ರಶ್ನೆ, ಕಳೆದ 30 ದಿನದ ಬಗ್ಗೆ ಮಾತ್ರ. ಅದು ಮೂರು ಲೆಕ್ಕ ಕೊಡುತ್ತೆ: ಕೆಲಸದಿಂದ ಸಿಗುವ ತೃಪ್ತಿ, ಕೆಲಸದಲ್ಲೇ ಬಸವಳಿದು ಹೋಗುವ ಬರ್ನ್‌ಔಟ್, ಮತ್ತೆ ಬೇರೆಯವರ ಸಂಕಟ ನಮ್ಮೊಳಗೆ ಎಷ್ಟು ಇಳಿದಿದೆ ಅನ್ನೋದು. ಕೊನೆಯ ಎರಡೂ ಸೇರಿದರೆ ಕಂಪ್ಯಾಶನ್ ಫಟೀಗ್ ಅಂತಾರೆ, ಅಂದ್ರೆ ಕರುಣೆಯೇ ದಣಿದುಹೋಗುವುದು. ಒಂದೊಂದೂ 50ಕ್ಕೆ, 42 ಮುಟ್ಟಿದರೆ ಜಾಸ್ತಿ ಅಂತ ಲೆಕ್ಕ. ನನ್ನ ಬರ್ನ್‌ಔಟ್ 31, ಮೂರನೆಯದು 44. ತಮಾಷೆ ಅಂದ್ರೆ ತೃಪ್ತಿ ಚೆನ್ನಾಗೇ ಇತ್ತು. ಕೆಲಸ ಇಷ್ಟವಿಲ್ಲದೆ ಹೀಗಾದದ್ದಲ್ಲ. ಇದು ರೋಗ ಪತ್ತೆ ಮಾಡುವ ಟೆಸ್ಟ್ ಅಲ್ಲ, ಮಾತು ಶುರು ಮಾಡೋಕೆ ಒಂದು ನೆಪ ಅಂತ ಅವರು ಮೊದಲೇ ಹೇಳಿದ್ದರು. ನನಗೂ ಹಾಗೇ ಆಯ್ತು. ಅಂಕಿಗಿಂತ ಪ್ರಶ್ನೆಗಳನ್ನು ಓದುವಾಗಲೇ ಕೈ ನಡುಗಿತು.

ಮೊದಲು ಮೂರು ವಾರ ರಜೆ ಕೊಟ್ಟರು. ನಿದ್ದೆ ಬಂತು, ಸೊಂಟನೋವು ಹೋಯ್ತು. ವಾಪಸ್ ಬಂದ ಮೊದಲನೇ ಮನೆಯಲ್ಲೇ ಪೆನ್ನು ನಾಲ್ಕರ ಕಡೆ ಹೋಯ್ತು. ಆಮೇಲೆ ಎರಡು ತಿಂಗಳು ಆಫೀಸಿನಲ್ಲಿ ಕೂರಿಸಿ, ಅಷ್ಟರಲ್ಲಿ ಕೆಲಸ ಮಾಡುವ ರೀತಿಯನ್ನೇ ಬದಲಾಯಿಸಿದರು. ಈಗ ಕೊನೆಯ ದಿನಗಳಲ್ಲಿರುವ ಎರಡು ಮನೆ ಒಬ್ಬರಿಗೇ ಬೆನ್ನಿಗೆ ಬೆನ್ನು ಬರಲ್ಲ, ನಡುವೆ ಒಂದು ಹಗುರ ಮನೆ ಇರಲೇಬೇಕು. ವ್ಯಾನ್ ವಾಪಸ್ ಬಂದ ಮೇಲೆ ಕಾಲು ಗಂಟೆ ಕೂತು, ಇವತ್ತು ಯಾವ ಮನೆ ಜೊತೆಗೇ ಬಂದಿದೆ ಅಂತ ಒಬ್ಬೊಬ್ಬರೂ ಹೇಳುತ್ತೇವೆ. ಮೊದಲ ವಾರ ನನಗೆ ಇದು ಶುದ್ಧ ನಾಟಕ ಅನ್ನಿಸಿತ್ತು. ಎರಡನೇ ವಾರ ಮಾತಾಡಿದವರು ನಮ್ಮ ಸೋಷಿಯಲ್ ವರ್ಕರ್ ಅಣ್ಣ. ಅವರದ್ದು ನನ್ನ ಹಾಗೆ ಮುಚ್ಚಿಕೊಳ್ಳುವುದಲ್ಲ, ಪೂರ್ತಿ ತೆರೆದುಬಿಡುವುದು. ರೋಗಿಗಳ ಮನೆಯವರಿಗೆಲ್ಲ ಸ್ವಂತ ನಂಬರ್ ಕೊಟ್ಟು ರಾತ್ರಿ ಎರಡಕ್ಕೆ ಫೋನ್ ಎತ್ತುತ್ತಿದ್ದರು, ಪಿಂಚಣಿ ಬರೋವರೆಗೆ ಇರಲಿ ಅಂತ ತಮ್ಮ ಜೇಬಿಂದ ರೇಷನ್ ಕೊಡಿಸುತ್ತಿದ್ದರು. ನಾವೆಲ್ಲ ಅವರನ್ನ ದೇವರಂಥವರು ಅಂತ ಹೊಗಳುತ್ತಿದ್ದೆವು, ಅವರು ನಿದ್ದೆಯಿಲ್ಲದೆ ಸಾಯ್ತಿದ್ದರು. ಅಣ್ಣ, ಅವತ್ತು ನೀವು ಬಾಯಿಬಿಟ್ಟಿದ್ದಕ್ಕೇ ನಾನೂ ಆ ಡಬ್ಬಿ, ಆ 56 ಮಾತ್ರೆ ವಿಷಯ ಎಲ್ಲರ ಮುಂದೆ ಹೇಳಿದ್ದು.

ಇನ್ನೊಂದು ಬದಲಾವಣೆ, ರೋಗಿ ತೀರಿಹೋದ ಮೇಲೂ ಆ ಮನೆಗೆ ಒಂದು ಸಲ ಹೋಗಿ ಬರುವುದು ಈಗ ಡ್ಯೂಟಿಯ ಭಾಗ. ಮುಂಚೆ ಹೆಸರಿಗೆ ಗೀಟು ಎಳೆದು ಮುಂದಿನ ಮನೆಗೆ ಹೋಗುತ್ತಿದ್ದೆವು. ದವಡೆ ಗಾಯದವರು ಐದು ವಾರದ ನಂತರ ತೀರಿಕೊಂಡರು. ನಾನು ಹೋದೆ, ಕಾಲು ಎಳೆಯುತ್ತಿತ್ತು. ಅವರ ಹೆಂಡತಿ ಟೀ ಕೊಟ್ಟರು. ನಾನು ಎರಡು ಸಲ ಕೇಳದೇ ಬರೆದಿದ್ದೆ ಅಂತ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ನಾನೂ ಮಾತ್ರೆ ಬಚ್ಚಿಟ್ಟಿದ್ದೆನಲ್ಲ" ಅಂದರು. ಕ್ಷಮಿಸಿದ್ದೀನಿ ಅಂತೇನೂ ಹೇಳಲಿಲ್ಲ. ಅಮ್ಮಾ, ಆ ಟೀಗೆ ಥ್ಯಾಂಕ್ಸ್.

ಡ್ರೈವರ್ ಅಣ್ಣನಿಗೂ ಥ್ಯಾಂಕ್ಸ್, ಕೆಟ್ಟ ಮನೆಯಿಂದ ಹೊರಗೆ ಬಂದಾಗ ಹಾಡು ಹಾಕದೇ ಇದ್ದದ್ದಕ್ಕೆ. ಅತ್ತೆಗೆ, ನಾನು ಸ್ನಾನ ಮಾಡಿ ಬರೋವರೆಗೂ ಮಗಳನ್ನ ಹಿಡಿದಿಟ್ಟುಕೊಂಡದ್ದಕ್ಕೆ.

ನಿನ್ನೆ ಗುಬ್ಬಿ ಕಡೆ ಒಬ್ಬ ಅಜ್ಜಿಯನ್ನು ಕೇಳಿದೆ, ರೂಪಾಯಿಗೆ ಎಷ್ಟಾಣೆ ನೋವು ಅಂತ. ಅಜ್ಜಿ ಕಣ್ಣು ಮುಚ್ಚಿ ಯೋಚಿಸಿ "ಹನ್ನೆರಡಾಣೆ, ಬರ್ಕೊ" ಅಂದರು. ಹತ್ತಕ್ಕೆ ಇಳಿಸಿದರೆ ಏಳೂವರೆ. ನಮ್ಮ ರಿಜಿಸ್ಟರಿನಲ್ಲಿ ಅರ್ಧ ಬರೆಯೋಕೆ ಜಾಗ ಇಲ್ಲ. ಎಂಟು ಅಂತ ಬರೆದು, ಡಾಕ್ಟರಿಗೆ ಫೋನ್ ಹಚ್ಚಿ, ಅಲ್ಲೇ ಜಗಲಿ ಮೇಲೆ ಕೂತೆ.