ಐಸೊಲೇಶನ್ ಕೋಣೆಗಳ ಗಾಳಿ ವ್ಯವಸ್ಥೆ ಮತ್ತು ಶುಚಿತ್ವದಲ್ಲಿನ ಲೋಪಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹೌಸ್‌ಕೀಪಿಂಗ್ ಮತ್ತು ಎಸಿ ನಿರ್ವಹಣೆ ವಿಭಾಗ

ಇವರಿಂದ,
ಸೋಂಕು ನಿಯಂತ್ರಣ ಸಮಿತಿ

ಮಾನ್ಯರೇ,

ನಿಮ್ಮ ಸಂಸ್ಥೆಯ ಗುತ್ತಿಗೆಯಲ್ಲಿರುವ ನಮ್ಮ ಎರಡು ಐಸೊಲೇಶನ್ ಕೋಣೆಗಳನ್ನು ಈ ತಿಂಗಳ ಮೊದಲ ವಾರ ತಪಾಸಣೆ ಮಾಡಿದೆವು. 1ನೇ ಕೋಣೆಯಲ್ಲಿ ಶ್ವಾಸಕೋಶದ ಕ್ಷಯ ಇರುವವರು, 2ನೇ ಕೋಣೆಯಲ್ಲಿ ಕ್ಲೋಸ್ಟ್ರಿಡಿಯಂ ಡಿಫಿಸಿಲ್‌ನಿಂದ ಭೇದಿ ಆಗುತ್ತಿರುವವರು. ಮೊದಲನೆಯ ಕಾಯಿಲೆ ಗಾಳಿಯಲ್ಲಿ ಹರಡುತ್ತದೆ, ಎರಡನೆಯದು ಕೈ ಮತ್ತು ಮುಟ್ಟಿದ ವಸ್ತುಗಳ ಮೂಲಕ. ನಿಮ್ಮ ಸಿಬ್ಬಂದಿಗೆ ಸಿಕ್ಕಿರುವ ಸಾಮಗ್ರಿ ಮಾತ್ರ ಅದಲು ಬದಲು: ಕ್ಷಯದ ಕೋಣೆಗೆ ಹೋಗುವವರಿಗೆ ಸರ್ಜಿಕಲ್ ಮಾಸ್ಕ್, ಭೇದಿಯ ಕೋಣೆಗೆ ಹೋಗುವವರಿಗೆ ಎನ್95. ಎರಡು ಕೋಣೆಗೂ ಒಂದೇ ಬಕೆಟ್, ಒಂದೇ ಮಾಪ್.

ಮೊದಲು ಗಾಳಿಯ ವಿಷಯ. 1ನೇ ಕೋಣೆಯ ಒತ್ತಡ ಕಾರಿಡಾರಿಗಿಂತ ಕನಿಷ್ಠ 2.5 ಪಾಸ್ಕಲ್ ಕಡಿಮೆ ಇರಬೇಕು. ಆಗ ಬಾಗಿಲ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ನಿಮ್ಮ ದಿನಚರಿ ಪುಸ್ತಕದಲ್ಲಿ 22 ದಿನವೂ ‘−2.5’ ಎಂದೇ ಬರೆದಿದೆ. ಒಂದು ದಿನವೂ ಏರಿಲ್ಲ, ಇಳಿದಿಲ್ಲ. ಅನುಮಾನ ಬಂದು ಬಾಗಿಲನ್ನು ಪೂರ್ತಿ ತೆರೆದು ಗೇಜ್ ನೋಡಿದೆವು. ಬಾಗಿಲು ತೆರೆದಾಗ ಮುಳ್ಳು ಸೊನ್ನೆಗೆ ಬರಬೇಕು, ಅದು −2.5ರಲ್ಲೇ ನಿಂತಿತ್ತು. ಗೇಜ್ ಕೆಟ್ಟಿತ್ತು, ಬರೆಯುವವರು ಹಿಂದಿನ ದಿನದ ಅಂಕಿ ನಕಲು ಮಾಡುತ್ತಿದ್ದರು. ಬಾಗಿಲು ಮುಚ್ಚಿ, ಕೆಳಗಿನ ಸಂದಿಯ ಮುಂದೆ ಟಿಶ್ಯೂ ಕಾಗದದ ತೆಳುವಾದ ಪಟ್ಟಿ ಹಿಡಿದಾಗ ಅದು ಒಳಕ್ಕೆ ಎಳೆದುಕೊಳ್ಳಲಿಲ್ಲ, ಕಾರಿಡಾರಿನ ಕಡೆಗೆ ಬಾಗಿತು. ಅಂದರೆ ಕ್ಷಯದ ರೋಗಿ ಕೆಮ್ಮಿದ ಗಾಳಿ ಹೊರಗೆ ಬರುತ್ತಿತ್ತು. (ಈ ಪರೀಕ್ಷೆಗೆ ಊದುಬತ್ತಿ ಹಚ್ಚುವ ಅಭ್ಯಾಸ ನಿಮ್ಮವರಲ್ಲಿ ಇದೆಯೆಂದು ತಿಳಿಯಿತು. ಒಳಗೆ ಆಕ್ಸಿಜನ್ ಇರುತ್ತದೆ, ದಯವಿಟ್ಟು ಬೇಡ. ಕಾಗದದ ಪಟ್ಟಿ ಸಾಕು.)

ಕಾರಣವೂ ಸಿಕ್ಕಿತು. ಸೆಕೆ ಎಂದು ರೋಗಿಯ ಮನೆಯವರು ಹೇಳಿದ್ದಕ್ಕೆ ನಿಮ್ಮ ತಂತ್ರಜ್ಞರು ತಂಪು ಗಾಳಿ ಬರುವ ಡ್ಯಾಂಪರ್ ಪೂರ್ತಿ ತೆರೆದಿದ್ದಾರೆ. ಗಾಳಿ ಹೊರಹಾಕುವ ಕಡೆ ಫಿಲ್ಟರ್ ಮೇಲೆ ಧೂಳು, ಬಟ್ಟೆಯ ನೂಲು ಕಂಬಳಿಯಂತೆ ಕೂತಿದೆ. ಬರುವ ಗಾಳಿ ಹೆಚ್ಚು, ಹೋಗುವ ಗಾಳಿ ಕಡಿಮೆ; ಒತ್ತಡ ತಿರುಗದೆ ಇನ್ನೇನಾದೀತು?

ಇದರ ಪರಿಣಾಮ ಬಾಗಿಲಿಗೇ ನಿಲ್ಲುವುದಿಲ್ಲ. ಕೋಣೆ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ, ಅಂದರೆ 60 ಘನ ಮೀಟರ್. ಗಂಟೆಗೆ 12 ಬಾರಿ ಗಾಳಿ ಬದಲಾಗಬೇಕಾದರೆ ಗಂಟೆಗೆ 720 ಘನ ಮೀಟರ್ ಹೊರಹೋಗಬೇಕು. 30 ಸೆಂಟಿಮೀಟರ್ ಚೌಕದ ಎಕ್ಸಾಸ್ಟ್ ಜಾಲರಿಯ ಮುಂದೆ ಅಳೆದಾಗ ಗಾಳಿಯ ಸರಾಸರಿ ವೇಗ ಸೆಕೆಂಡಿಗೆ 1.1 ಮೀಟರ್. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 356 ಘನ ಮೀಟರ್, ಅಂದರೆ 6 ಬಾರಿಯೂ ತುಂಬುವುದಿಲ್ಲ. ರೋಗಿ ಹೋದ ಮೇಲೆ ಗಾಳಿಯಲ್ಲಿ ಉಳಿದ ಕಣಗಳಲ್ಲಿ 99.9% ಹೊರಹೋಗಲು 12 ಬಾರಿ ಬದಲಾಗುವ ಕೋಣೆಯಲ್ಲಿ 35 ನಿಮಿಷ ಸಾಕು. 6 ಬಾರಿ ಬದಲಾಗುವಲ್ಲಿ 69 ನಿಮಿಷ ಬೇಕು. ಗಾಳಿ ಸರಿಯಾಗಿ ಬೆರೆಯದ ಮೂಲೆಗಳಿದ್ದರೆ ಇನ್ನೂ ಹೆಚ್ಚು. ನಿಮ್ಮ ಜಾಬ್ ಕಾರ್ಡಿನಲ್ಲಿ ‘35 ನಿಮಿಷ ಖಾಲಿ ಬಿಡಲಾಗಿದೆ’ ಎಂದು ಬರೆದು ಸ್ವಚ್ಛಗೊಳಿಸಲು ಜನ ಕಳಿಸಿದ್ದೀರಿ. ಬರೀ ಸರ್ಜಿಕಲ್ ಮಾಸ್ಕ್ ಹಾಕಿಕೊಂಡು ಹೋದವರು ಅವರು. ಸರ್ಜಿಕಲ್ ಮಾಸ್ಕ್ ರೋಗಿಗೆ, ಅವರನ್ನು ಎಕ್ಸ್‌ರೇಗೆ ಕರೆದೊಯ್ಯುವಾಗ, ಒಳಹೋಗುವವರಿಗೆ ಎನ್95. ಅದೂ ಕೆನ್ನೆಗೆ ಒತ್ತಿ ಕೂರಬೇಕು, ಗಡ್ಡವಿದ್ದರೆ ಕೂರುವುದಿಲ್ಲ. ಹೊರಬಂದು ಬಾಗಿಲು ಮುಚ್ಚಿದ ನಂತರವೇ ಅದನ್ನು ತೆಗೆಯಬೇಕು. ನಿಮ್ಮವರು ಕೋಣೆಯೊಳಗೇ ತೆಗೆದು ಕಸದ ಡಬ್ಬಿಗೆ ಹಾಕುತ್ತಿದ್ದಾರೆ.

ಇನ್ನು 2ನೇ ಕೋಣೆ. ಇಲ್ಲಿ ಬೇಕಿರುವುದು ಗೌನು ಮತ್ತು ಗ್ಲೌಸ್, ಹೊರಡುವಾಗ ಸೋಪು ನೀರು. ಬಾಗಿಲ ಬಳಿ ಹ್ಯಾಂಡ್‌ರಬ್ ಬಾಟಲಿ ಇಟ್ಟಿದ್ದೀರಿ, ಸೋಪಿನ ಡಿಸ್ಪೆನ್ಸರ್ ಖಾಲಿ. ಈ ರೋಗಾಣುವಿನ ಬೀಜಕಗಳನ್ನು ಆಲ್ಕೊಹಾಲ್ ಕೊಲ್ಲುವುದಿಲ್ಲ. ಅವನ್ನು ನೀರಲ್ಲಿ ಉಜ್ಜಿ ತೊಳೆದು ಹರಿಸಬೇಕು, 40ರಿಂದ 60 ಸೆಕೆಂಡ್. ಬೇರೆ ವಾರ್ಡುಗಳಲ್ಲಿ ಕಣ್ಣಿಗೆ ಕೊಳೆ ಕಾಣದ ಕೈಗೆ ಹ್ಯಾಂಡ್‌ರಬ್ 20ರಿಂದ 30 ಸೆಕೆಂಡ್ ಉಜ್ಜಿದರೆ ಸಾಕು, ಆದರೆ ಅದೇ ನಿಯಮ ಇಲ್ಲಿಗೆ ತರಲಾಗದು.

ನೆಲ, ಮಂಚದ ಕಂಬಿಗೆ ಬಳಸಿದ ದ್ರಾವಣವನ್ನೂ ನೋಡಿದೆವು. 5% ಹೈಪೋ ಕ್ಯಾನಿನಿಂದ ಒಂದು ಮುಚ್ಚಳ, ಅಂದರೆ 20 ಮಿಲಿ, 10 ಲೀಟರ್ ನೀರಿಗೆ. ಬಂದದ್ದು 0.01%. ನಮಗೆ ಬೇಕಿದ್ದುದು 0.5%: 9 ಲೀಟರ್ ನೀರಿಗೆ 1 ಲೀಟರ್ ಹೈಪೋ. ಐವತ್ತು ಪಟ್ಟು ತೆಳು. ಬಕೆಟ್ಟಿನಿಂದ ವಾಸನೆ ಬರುತ್ತಿತ್ತು ಎಂಬುದು ಸೂಪರ್‌ವೈಸರ್ ಸಮಜಾಯಿಷಿ. ಕ್ಲೋರಿನ್ ವಾಸನೆ ತೀರಾ ಕಡಿಮೆ ಇದ್ದರೂ ಬರುತ್ತದೆ, ಮೂಗು ಅಳತೆಗೋಲಲ್ಲ. ದ್ರಾವಣ ದಿನವೂ ಹೊಸದಾಗಿ ಮಾಡಬೇಕು. ಮೊದಲು ಡಿಟರ್ಜೆಂಟಿನಿಂದ ಕೊಳೆ ತೆಗೆದು, ನಂತರ ಇದನ್ನು ಹಚ್ಚಿ 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ನಿಮ್ಮವರು ಎರಡು ನಿಮಿಷಕ್ಕೆ ಒರೆಸಿ ಒಣಗಿಸಿದರು. ಟಾಯ್ಲೆಟ್ ತೊಳೆಯುವ ಆಸಿಡ್ ಡಬ್ಬಿ ಅದೇ ತಳ್ಳುಗಾಡಿಯಲ್ಲಿ ಪಕ್ಕದಲ್ಲೇ ಇದೆ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ, ಬೇರೆ ಇಡಿ.

ಗ್ಲೌಸ್ ವಿಷಯ ಎಲ್ಲಕ್ಕಿಂತ ಬೇಸರದ್ದು. ಒಬ್ಬರು ಕಮೋಡ್ ಉಜ್ಜಿದ ಗ್ಲೌಸಿನಲ್ಲೇ ಮಂಚದ ಕಂಬಿ, ಊಟದ ಮೇಜು, ಬಾಗಿಲ ಹಿಡಿ ಮುಟ್ಟಿ, ಹೊರಗೆ ಬಂದು ಲಿಫ್ಟ್ ಬಟನ್ ಒತ್ತಿದರು. ಕೈ ಕಾಪಾಡಿಕೊಂಡರು, ದಾರಿ ತುಂಬಾ ಬೀಜಕ ಹಂಚಿದರು. ಕೈ ಶುಚಿಯ ಐದು ಸಂದರ್ಭಗಳೆಂದರೆ ರೋಗಿಯನ್ನು ಮುಟ್ಟುವ ಮೊದಲು, ಶುದ್ಧ ಕಾರ್ಯವಿಧಾನದ ಮೊದಲು, ದೇಹದ ದ್ರವಗಳ ಸಂಪರ್ಕವಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಶುಚಿಗೊಳಿಸುವವರಿಗೆ ಮೂರನೆಯದೂ ಐದನೆಯದೂ ಪಾಳಿಯುದ್ದಕ್ಕೂ ಬರುತ್ತವೆ. ಗ್ಲೌಸ್ ತೆಗೆದ ತಕ್ಷಣ ಕೈ ತೊಳೆಯಬೇಕು, ಏಕೆಂದರೆ ತೆಗೆಯುವಾಗಲೇ ಮಣಿಕಟ್ಟಿಗೆ ಅಂಟುತ್ತದೆ. ಕೆಲಸದವರ ತಪ್ಪಲ್ಲ ಇದು. ಪಾಳಿಗೆ ಒಬ್ಬರಿಗೆ ಎರಡೇ ಜೊತೆ ಗ್ಲೌಸ್ ಕೊಡುವ ನಿಮ್ಮ ಸ್ಟೋರಿನ ಲೆಕ್ಕದ ತಪ್ಪು.

ನಮ್ಮ ಬೇಡಿಕೆಗಳು ಇವು. 48 ಗಂಟೆಯೊಳಗೆ ಎಕ್ಸಾಸ್ಟ್ ಫಿಲ್ಟರ್ ಬದಲಿಸಿ, ಡ್ಯಾಂಪರ್ ಮೊದಲಿನ ಗುರುತಿಗೆ ತಂದು, ಹೊಸ ಗೇಜ್ ಹಾಕಿ. ಹಳೆಯ ಫಿಲ್ಟರ್ ತೆಗೆಯುವವರಿಗೆ ಎನ್95 ಕಡ್ಡಾಯ, ಫಿಲ್ಟರನ್ನು ಚೀಲದಲ್ಲಿ ಕಟ್ಟಿಯೇ ಕೆಳಗಿಳಿಸಬೇಕು. ಅಳತೆ ನಮ್ಮ ಎದುರೇ ಆಗಬೇಕು. ಅಲ್ಲಿಯವರೆಗೆ ರೋಗಿಯನ್ನು ಬೇರೆ ಕೋಣೆಗೆ ಸ್ಥಳಾಂತರಿಸುತ್ತಿದ್ದೇವೆ, ಆ ಖರ್ಚು ನಿಮ್ಮ ಬಿಲ್ಲಿನಿಂದ ಕಡಿತವಾಗುತ್ತದೆ. ಕೋಣೆಗೊಂದು ಪ್ರತ್ಯೇಕ ಬಕೆಟ್, ಮಾಪ್, ಗುರುತು ಹಾಕಿದ 1 ಲೀಟರ್ ಜಗ್ ನಾಳೆಯ ಬೆಳಗಿನ ಪಾಳಿಗೆ ಬರಲಿ. ದಿನಚರಿಯಲ್ಲಿ ಒತ್ತಡದ ಅಂಕಿಯ ಪಕ್ಕ ಕಾಗದದ ಪಟ್ಟಿ ಒಳಗೆ ಬಾಗಿತೋ ಹೊರಗೆ ಬಾಗಿತೋ ಎಂದೂ ಬರೆಯಬೇಕು. ಡ್ಯಾಂಪರ್ ತೆರೆದ ತಂತ್ರಜ್ಞರಿಗೆ ಯಾರು ಅನುಮತಿ ಕೊಟ್ಟರು ಎಂಬುದಕ್ಕೆ ಏಳು ದಿನದಲ್ಲಿ ಲಿಖಿತ ಉತ್ತರ ಕೊಡಿ.

ಇಂತಿ,
ಸೋಂಕು ನಿಯಂತ್ರಣ ಸಮಿತಿಯ ಪರವಾಗಿ,
ಸೋಂಕು ನಿಯಂತ್ರಣ ಶುಶ್ರೂಷಾಧಿಕಾರಿಗಳು

ಪ್ರತಿ: ವೈದ್ಯಕೀಯ ಅಧೀಕ್ಷಕರು, ಲೆಕ್ಕಪತ್ರ ವಿಭಾಗ