ಮಿಡಿ ಬರುವ ತಿಂಗಳಿಗೆ ಸಾಲ, ಹಪ್ಪಳ ಒಣಗಲು ಸೂರು: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ, ಉಡುಪಿ ತಾಲೂಕಿನ ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯರ ವಂದನೆಗಳು.

ಉಪ್ಪಿನಕಾಯಿ, ಹಪ್ಪಳ ಮಾಡುವ ಸಂಘಗಳಿಗೆ ತಾವು ಸಭೆಗಳಲ್ಲಿ ಯಾವಾಗಲೂ ಕೇಳುವ ಪ್ರಶ್ನೆ ಒಂದೇ: ಸಾಲ ಸಿಕ್ಕಿದೆಯಾ? ಹೆಚ್ಚಿನ ಸಂಘಗಳಿಗೆ ಸಿಕ್ಕಿದೆ. ಆದರೆ ಸಿಕ್ಕ ಸಾಲ ಯಾವ ತಿಂಗಳಲ್ಲಿ ಬಂತು, ಯಾವ ತಿಂಗಳಿನಿಂದ ಕಟ್ಟಬೇಕು ಎಂದು ಯಾರೂ ಕೇಳುವುದಿಲ್ಲ. ಕರಾವಳಿಯಲ್ಲಿ ಈ ಕೆಲಸ ಕೈಗೂಡುವುದು, ಕೆಡುವುದು ಎರಡೂ ಅಲ್ಲೇ. ಅದಕ್ಕಾಗಿ ಈ ಪತ್ರ.

ಮೊದಲು ಮಿಡಿಯ ವಿಷಯ. ಕಾಟುಮಾವಿನ ಮಿಡಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಸಿಗುತ್ತದೆ. ಒಂದು ಮರದ ಲೆಕ್ಕಕ್ಕೆ ಬಂದರೆ ಅವಧಿ ಇನ್ನೂ ಕಡಿಮೆ. ಒಳಗಿನ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ಯಬೇಕು, ಚಾಕು ಹಾಕಿದಾಗ ತಡೆದರೆ ಅದು ಮಿಡಿಯ ಉಪ್ಪಿನಕಾಯಿಗೆ ಆಗುವುದಿಲ್ಲ. ನೆಲಕ್ಕೆ ಉದುರಿಸಿದ ಮಿಡಿಯನ್ನೂ ಹಾಕುವಂತಿಲ್ಲ. ಪೆಟ್ಟು ಬಿದ್ದ ಕಡೆ ಮೆತ್ತಗಾಗಿ, ಅದೊಂದೇ ಮಿಡಿ ಇಡೀ ಭರಣಿಯ ನೀರನ್ನು ಕದಡಿಸುತ್ತದೆ. ಮರ ಹತ್ತಿ ಗೊಂಚಲು ಗೊಂಚಲಾಗಿ ಇಳಿಸಬೇಕು, ತೊಟ್ಟು ಸ್ವಲ್ಪ ಉಳಿಯಬೇಕು. ತೊಟ್ಟಿನ ಸೊನೆಯಲ್ಲಿಯೇ ಪರಿಮಳ ಇರುವುದು. ಹೀಗೆ ಇಳಿಸುವವರು ಸಂಜೆಗೆ ಕೈಗೆ ಹಣ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು.

ಕೊಯ್ದ ದಿನವೇ ಉಪ್ಪಿಗೆ ಬೀಳಬೇಕು. ತೊಳೆದು, ಬಟ್ಟೆಯಲ್ಲಿ ಒರೆಸಿ, ನೀರಿನ ಪಸೆ ಪೂರ್ತಿ ಹೋದ ಮೇಲೆ 10 ಕೆ.ಜಿ. ಮಿಡಿಗೆ 2ರಿಂದ 2.25 ಕೆ.ಜಿ. ಕಲ್ಲುಪ್ಪು, ಒಂದು ಪದರ ಮಿಡಿ, ಒಂದು ಪದರ ಉಪ್ಪು. ದಿನಕ್ಕೊಮ್ಮೆ ಒಣಗಿದ ಸೌಟಿನಲ್ಲಿ ಮೇಲೆ ಕೆಳಗೆ ಮಾಡಬೇಕು. ಹತ್ತು ಹನ್ನೆರಡು ದಿನದಲ್ಲಿ ಮಿಡಿ ಸುಕ್ಕುಗಟ್ಟಿ, ತನ್ನದೇ ಉಪ್ಪುನೀರಿನಲ್ಲಿ ಮುಳುಗುತ್ತದೆ. ಮುಳುಗದೆ ಮೇಲೆ ತೇಲುವ ಮಿಡಿಗೇ ಬಿಳಿ ಪೊರೆ ಬರುವುದು, ಆದ್ದರಿಂದ ಮೇಲೊಂದು ಪಿಂಗಾಣಿ ತಟ್ಟೆ ಕವುಚಿ ಭಾರ ಇಡುತ್ತೇವೆ. ಆಮೇಲೆ ಆ ನೀರನ್ನು ಬಸಿದು ಕುದಿಸಿ, ಪೂರ್ತಿ ತಣಿಸಿ, ಅದೇ ನೀರಿನಲ್ಲಿ ಒಣಮೆಣಸು, ಸಾಸಿವೆ, ಅರಿಸಿನ ಅರೆದು ಮಿಡಿಗೆ ಬೆರೆಸುವುದು. 10 ಕೆ.ಜಿ.ಗೆ ಸುಮಾರು ಒಂದು ಕೆ.ಜಿ. ಮೆಣಸು, ಮುಕ್ಕಾಲು ಕೆ.ಜಿ. ಸಾಸಿವೆ. ಬಿಸಿ ಆರುವ ಮೊದಲು ಬೆರೆಸಿದರೆ ಮಿಡಿ ಬೆಂದಂತಾಗಿ ಕಚ್ಚುವಾಗಿನ ಗರಿ ಹೋಗುತ್ತದೆ. ಬೆರೆಸಿದ ಮೇಲೂ ಖಾರ ಒಳಗಿಳಿಯಲು ಒಂದು ತಿಂಗಳಾದರೂ ಬೇಕು.

ಅಂದರೆ ಮಾರ್ಚ್‌ನಲ್ಲಿ ಹಣ ಹಾಕಿದ ಬಾಟಲಿ ಅಂಗಡಿಗೆ ಹೋಗುವುದು ಮೇ ಕೊನೆಗೆ ಅಥವಾ ಜೂನ್‌ಗೆ. ಉಪ್ಪಿನಕಾಯಿ ನಿಜವಾಗಿ ಖರ್ಚಾಗುವುದೂ ಮಳೆಗಾಲದಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಮೀನು ತುಟ್ಟಿ, ಮನೆಮನೆಯಲ್ಲಿ ಗಂಜಿ. ಅಲ್ಲಿಂದ ಚೌತಿ, ನವರಾತ್ರಿಯವರೆಗೆ ಮಾರಾಟ ನಡೆಯುತ್ತದೆ. ಅಂಗಡಿಯವರು ಮಾಲು ಮಾರಿದ ಮೇಲೆ ಹಣ ಕೊಡುವವರು, ಹಾಗಾಗಿ ಜೂನ್‌ನಲ್ಲಿ ಇಟ್ಟದ್ದರ ಹಣ ಕೈಗೆ ಬರುವುದು ಜುಲೈ, ಆಗಸ್ಟ್‌ಗೆ.

ಈಗ ಹಣದ ಲೆಕ್ಕ ನೋಡಿ. ಹನ್ನೆರಡು ಮಂದಿಯ ಒಂದು ಸಂಘ, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ ಎಂದುಕೊಳ್ಳೋಣ. ವರ್ಷಕ್ಕೆ 31,200 ರೂಪಾಯಿ ಆಯಿತು. ಇದರಲ್ಲಿ ಬಹುಪಾಲು ಪೆಟ್ಟಿಗೆಯಲ್ಲಿ ಇರುವುದಿಲ್ಲ, ಇರಲೂಬಾರದು. ಶಾಲೆಯ ಫೀಸು, ಆಸ್ಪತ್ರೆ, ಮಾಡಿನ ಹಂಚು ಎಂದು ಸದಸ್ಯರ ಒಳಸಾಲದಲ್ಲಿ ತಿರುಗುತ್ತಿರುತ್ತದೆ. ಸಂಘ ಹುಟ್ಟಿದ್ದೇ ಅದಕ್ಕೆ.

ಈ ಸಂಘ ಒಂದು ಹಂಗಾಮಿಗೆ 200 ಕೆ.ಜಿ. ಮಿಡಿ ಹಾಕಬೇಕು. ಕೆ.ಜಿ.ಗೆ 150ರಂತೆ ಹಿಡಿದರೆ ಮಿಡಿಗೇ 30,000. ಉಪ್ಪು, ಮೆಣಸು, ಸಾಸಿವೆ, ಅರಿಸಿನಕ್ಕೆ 9,500. ಅರ್ಧ ಕೆ.ಜಿ.ಯ 480 ಬಾಟಲಿ, ಮುಚ್ಚಳ, ಲೇಬಲ್‌ಗೆ 8,500. ಒಟ್ಟು 48,000, ಅಂದರೆ ಬಾಟಲಿಗೆ ನೂರು ರೂಪಾಯಿ ಬರೀ ಸಾಮಾನಿಗೆ. 170ಕ್ಕೆ ಮಾರಿ, ಅಂಗಡಿಯ ಪಾಲು 25 ಕಳೆದರೆ ಉಳಿಯುವ 45 ರೂಪಾಯಿಯಲ್ಲಿ ಕೂಲಿ, ಗ್ಯಾಸು, ಬಡ್ಡಿ ಎಲ್ಲ ಹೊಂದಬೇಕು. ಸಣ್ಣ ಲಾಭ, ಆದರೆ ಲಾಭವೇ. ಸಾಲ ತೀರಿಸುವ ಶಕ್ತಿ ಈ ಕೆಲಸಕ್ಕೆ ಇದೆ.

ತೊಡಕು ಬರುವುದು ಇಲ್ಲಿ. ಬ್ಯಾಂಕ್ ಈ ಸಂಘಕ್ಕೆ 1.5 ಲಕ್ಷದ ಅವಧಿ ಸಾಲ ಕೊಟ್ಟಿತು ಎನ್ನಿ, ಶೇ. 7 ಬಡ್ಡಿ, 24 ತಿಂಗಳು. ತಿಂಗಳ ಕಂತು ಸುಮಾರು 6,700. ಫೆಬ್ರವರಿಯಲ್ಲಿ ಸಾಲ ಕೈಗೆ ಬಂದರೆ ಮಾರ್ಚ್‌ನಿಂದ ಕಂತು ಶುರು. ಮಾರ್ಚ್, ಏಪ್ರಿಲ್, ಮೇ, ಜೂನ್ ನಾಲ್ಕು ಕಂತಿಗೆ 26,800 ರೂಪಾಯಿ, ಒಂದು ಬಾಟಲಿಯ ಹಣವೂ ಬರುವ ಮೊದಲೇ. ಅದನ್ನು ಎಲ್ಲಿಂದ ತರುವುದು? ಸಾಲದ ಹಣದಿಂದಲೇ ಸಾಲದ ಕಂತು ಕಟ್ಟುತ್ತಾರೆ, ಇಲ್ಲವೆ ಒಳಸಾಲ ನಿಲ್ಲಿಸುತ್ತಾರೆ. ಒಳಸಾಲ ನಿಂತ ವಾರ ಜೂನ್‌ನ ಶಾಲಾ ಫೀಸಿಗೆ ಸದಸ್ಯೆಯರು ಹೊರಗಿನ ಕಿರುಸಾಲದವರ ಹತ್ತಿರ ಹೋಗುತ್ತಾರೆ. ಸಂಘದ ಪುಸ್ತಕದಲ್ಲಿ ಎಲ್ಲ ಕಂತೂ ಸರಿಯಾಗಿ ಬಿದ್ದಿರುತ್ತದೆ, ಹಾಗಾಗಿ ಪರಿಶೀಲನೆಗೆ ಬಂದವರಿಗೆ ಇದು ಕಾಣುವುದೇ ಇಲ್ಲ. ಮರುವರ್ಷ ಸಂಘ 200 ಕೆ.ಜಿ.ಯ ಬದಲು 60 ಕೆ.ಜಿ. ಮಿಡಿ ಹಾಕುತ್ತದೆ, ಆಗ ಗೊತ್ತಾಗುತ್ತದೆ.

ಇದಕ್ಕೆ ಹೊಸ ಯೋಜನೆ ಬೇಕಾಗಿಲ್ಲ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಡಿ, ನಮ್ಮಲ್ಲಿ ಸಂಜೀವಿನಿ ಎಂದು ಕರೆಯುವ ಯೋಜನೆಯ ಸಂಘಗಳಿಗೆ, ರಿಸರ್ವ್ ಬ್ಯಾಂಕ್‌ನ ಸುತ್ತೋಲೆ ಎರಡು ದಾರಿ ಕೊಟ್ಟಿದೆ: ಅವಧಿ ಸಾಲ ಅಥವಾ ನಗದು ಸಾಲ ಮಿತಿ, ಅಂದರೆ ಕ್ಯಾಶ್ ಕ್ರೆಡಿಟ್. ಸಂಘ ತನ್ನ ಅಗತ್ಯಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಬಹುದು. ಕ್ಯಾಶ್ ಕ್ರೆಡಿಟ್‌ನಲ್ಲಿ ತೆಗೆದ ಹಣಕ್ಕೆ, ತೆಗೆದಷ್ಟು ದಿನಕ್ಕೆ ಮಾತ್ರ ಬಡ್ಡಿ. ಖಾತೆ ಕೆಡದಿರಲು ಬಾಕಿ ಮಿತಿ ದಾಟಬಾರದು, ತಿಂಗಳಿಗೆ ಒಮ್ಮೆಯಾದರೂ ಹಣ ಜಮಾ ಆಗಬೇಕು, ಆ ಜಮೆ ತಿಂಗಳ ಬಡ್ಡಿಗಾದರೂ ಸಾಲಬೇಕು. ಮೇಲಿನ ಸಂಘ ಮಿಡಿಗೂ ಹಪ್ಪಳಕ್ಕೂ ಸೇರಿ 70,000 ತೆಗೆದರೆ ತಿಂಗಳ ಬಡ್ಡಿ 408 ರೂಪಾಯಿ. 6,700 ಎಲ್ಲಿ, 408 ಎಲ್ಲಿ! ಆಗಸ್ಟ್‌ನಿಂದ ಮಾರಾಟದ ಹಣ ಬಂದ ಹಾಗೆ ಅಸಲು ಇಳಿಸಿ, ಮರು ಮಾರ್ಚ್‌ನಲ್ಲಿ ಮತ್ತೆ ತೆಗೆಯಬಹುದು, ಹೊಸ ಅರ್ಜಿಯ ತಾಪತ್ರಯ ಇಲ್ಲ.

ಆದರೂ ಶಾಖೆಗಳಲ್ಲಿ ಕೇಳಿದರೆ ಅವಧಿ ಸಾಲವನ್ನೇ ಮುಂದಿಡುತ್ತಾರೆ. ಕಂತಿನ ಸಾಲಕ್ಕೆ ನಿಗಾ ಇಡುವುದು ಸುಲಭ, ಕ್ಯಾಶ್ ಕ್ರೆಡಿಟ್‌ಗೆ ಪ್ರತಿ ವರ್ಷ ಮಿತಿ ನೋಡಬೇಕು, ಸಿಬ್ಬಂದಿ ಕಡಿಮೆ. ಅವರ ಕಷ್ಟವೂ ಇದೆ. ಎಲ್ಲ ಸಂಘಕ್ಕೂ ಕ್ಯಾಶ್ ಕ್ರೆಡಿಟ್ ಒಳ್ಳೆಯದು ಎಂದೂ ನಾವು ಹೇಳುವುದಿಲ್ಲ. ದಿನಾ ವ್ಯಾಪಾರ ಇರುವ ಹೋಟೆಲು, ಹೊಲಿಗೆಯವರಿಗೆ ಕಂತೇ ಅನುಕೂಲ. ಸ್ಟಾಕ್ ಪುಸ್ತಕ ಬರೆಯದ ಸಂಘಕ್ಕೆ ಕ್ಯಾಶ್ ಕ್ರೆಡಿಟ್ ಕೊಟ್ಟರೆ ಹಣ ಎಲ್ಲಿ ಹೋಯಿತೆಂದು ಅವರಿಗೇ ಗೊತ್ತಾಗುವುದಿಲ್ಲ. ಭರಣಿಯ ಸಂಖ್ಯೆ, ಉಪ್ಪು ಹಾಕಿದ ತಾರೀಖು, ಬಾಟಲಿ ಎಷ್ಟು, ಯಾವ ಅಂಗಡಿಗೆ ಎಷ್ಟು ಎಂದು ಬರೆದಿಡುವ ಸಂಘಗಳಿಗೆ ಕೊಡಲಿ.

ಎರಡನೆಯದು ಬಿಸಿಲು. ಮಿಡಿಯ ಜೊತೆಜೊತೆಗೇ ಹಲಸಿನ ಹಪ್ಪಳದ ಕೆಲಸ ಮಾರ್ಚ್ ಮಧ್ಯದಿಂದ ಮೇವರೆಗೆ. ಬಲಿತ, ಆದರೆ ಹಣ್ಣಿಗೆ ತಿರುಗದ ಬಕ್ಕೆ ಹಲಸಿನ ಸೊಳೆ ಬೇಕು. ಎಳೆಯದಾದರೆ ಹಿಟ್ಟಿನಂಶ ಸಾಲದೆ ಅಂಚು ಬಿರಿಯುತ್ತದೆ, ಸಿಹಿ ಕೂಡಿದ್ದಾದರೆ ಕರಿಯುವಾಗ ಎಣ್ಣೆಯಲ್ಲಿ ಕೆಂಪಾಗಿ ಕರಟುತ್ತದೆ. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಕುಟ್ಟಿ, ಉಂಡೆ ಮಾಡಿ ಒತ್ತುತ್ತೇವೆ. ಇಷ್ಟೂ ನಮ್ಮ ಕೈಯಲ್ಲಿದೆ. ಮುಂದಿನದು ನಮ್ಮ ಕೈಯಲ್ಲಿಲ್ಲ.

ಒತ್ತಿದ ಹಪ್ಪಳಕ್ಕೆ ಮೊದಲ ದಿನ ನಾಲ್ಕೈದು ಗಂಟೆ ಗಟ್ಟಿ ಬಿಸಿಲು ಸಿಗಲೇಬೇಕು, ಆಗ ಹಾಳೆಯಿಂದ ಎಬ್ಬಿಸಿ ಮಗುಚಲು ಬರುತ್ತದೆ. ಮಧ್ಯಾಹ್ನವೇ ಮೋಡ ಕವಿದರೆ ಹಸಿಯಾಗಿ ಒಳಗೆ ಇಡಬೇಕಾಗುತ್ತದೆ, ಬೆಳಿಗ್ಗೆ ಹುಳಿ ವಾಸನೆ, ಮರುದಿನ ಕಪ್ಪು ಚುಕ್ಕಿ. ಇನ್ನೂ ಕಷ್ಟದ್ದು ಅರೆಬರೆ ಒಣಗಿದ ಹಪ್ಪಳ. ನೋಡಲು ಸರಿಯಾಗಿಯೇ ಇರುತ್ತದೆ, ನಡುವೆ ಮುರಿದರೆ ಟಕ್ಕೆನ್ನದೆ ಬಾಗುತ್ತದೆ. ಅದನ್ನು ಪ್ಯಾಕೆಟ್ ಮಾಡಿದರೆ ಜುಲೈಯಲ್ಲಿ ಅಂಗಡಿಯಿಂದ ಬೂಸ್ಟು ಹಿಡಿದು ವಾಪಸ್ ಬರುತ್ತದೆ. ಮೇ ತಿಂಗಳ ಸಂಜೆಮಳೆಗೆ ಅಂಗಳದ ಚಾಪೆ ನೆಚ್ಚುವಂತಿಲ್ಲ.

ಅಡಿಕೆ ಒಣಗಿಸಲು ತೋಟದವರು ಹಾಕುವ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಗೂಡು ಇದಕ್ಕೂ ಆಗುತ್ತದೆ, ಆದರೆ ಹಾಗೆಯೇ ಆಗುವುದಿಲ್ಲ. ಹಪ್ಪಳ ಬಿಡುವ ಹಬೆ ಹೊರಹೋಗಲು ದಾರಿಯಿಲ್ಲದಿದ್ದರೆ ಹೊದಿಕೆಯ ಒಳಮೈಯಲ್ಲಿ ನೀರಾಗಿ ಹಪ್ಪಳದ ಮೇಲೆಯೇ ತೊಟ್ಟಿಕ್ಕುತ್ತದೆ. ಕೆಳಗೆ ಗಾಳಿ ಬರುವ ಕಿಂಡಿ, ಮೇಲೆ ಎಳೆದು ಹಾಕುವ ಫ್ಯಾನ್ ಎರಡೂ ಬೇಕು. ಮೊದಲಿಗೇ ಕಾವು ಹೆಚ್ಚಾದರೆ ಮೇಲ್ಮೈ ಬಿಗಿದು ಒಳಗಿನ ಪಸೆ ಒಳಗೇ ಉಳಿಯುತ್ತದೆ, ಹಾಗಾಗಿ ಫ್ಯಾನಿನ ವೇಗ ಬದಲಿಸುವಂತಿರಬೇಕು. ತಟ್ಟೆಗೆ ಕಬ್ಬಿಣದ ಬಲೆ ಬೇಡ, ಹಪ್ಪಳದ ಉಪ್ಪಿಗೆ ತುಕ್ಕು ಹಿಡಿದು ಕಲೆ ಬೀಳುತ್ತದೆ, ಸ್ಟೀಲ್ ಬಲೆಯೇ ಬೇಕು. 6 ಮೀಟರ್ ಉದ್ದ, 4 ಮೀಟರ್ ಅಗಲದ ಗೂಡಿನ ಅರ್ಧ ಜಾಗದಲ್ಲಿ ಮೂರು ಅಂತಸ್ತಿನ ತಟ್ಟೆ ಇಟ್ಟರೆ, ಅಂಗೈಗಿಂತ ಸ್ವಲ್ಪ ದೊಡ್ಡ ಹಪ್ಪಳ ಎರಡು ಸಾವಿರ ಹಿಡಿಯುತ್ತದೆ. ಕೆಳಗಿನ ತಟ್ಟೆ ನಿಧಾನ, ಮಧ್ಯಾಹ್ನ ಒಮ್ಮೆ ಮೇಲೆ ಕೆಳಗೆ ಬದಲಿಸಬೇಕು. ಒಂದೇ ಸಂಘಕ್ಕೆ ಇದು ದುಬಾರಿ, ಪಂಚಾಯತಿನ ಐದಾರು ಸಂಘಗಳು ವಾರದ ಸರದಿಯಲ್ಲಿ ಬಳಸಿದರೆ ಸರಿಹೋಗುತ್ತದೆ.

ಹಾಗಾಗಿ ತಮ್ಮಲ್ಲಿ ಎರಡು ಬೇಡಿಕೆ. ಜಿಲ್ಲೆಯ ಬ್ಯಾಂಕುಗಳ ಜಿಲ್ಲಾ ಮಟ್ಟದ ಪರಿಶೀಲನಾ ಸಭೆಗೆ ಶಾಸಕರಿಗೂ ಆಹ್ವಾನ ಇರುತ್ತದೆ. ಅಲ್ಲಿ ಆಹಾರ ತಯಾರಿಸುವ ಸಂಘಗಳಲ್ಲಿ ಎಷ್ಟಕ್ಕೆ ಕ್ಯಾಶ್ ಕ್ರೆಡಿಟ್, ಎಷ್ಟಕ್ಕೆ ಅವಧಿ ಸಾಲ ಎಂದು ಶಾಖಾವಾರು ಪಟ್ಟಿ ಕೇಳಿ. ಪಟ್ಟಿ ಕೇಳಿದರೆ ಸಾಕು, ಉಳಿದದ್ದು ತಾನಾಗಿ ಸರಿಯಾಗತೊಡಗುತ್ತದೆ. ಎರಡನೆಯದಾಗಿ, ಪಂಚಾಯತ್ ಜಾಗದಲ್ಲಿ, ನೆರಳು ಬೀಳದ ಕಡೆ, ಒಂದು ಒಣಗಿಸುವ ಗೂಡಿಗೆ ತಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದ ಅಥವಾ ತಮಗೆ ಸೂಕ್ತ ಕಂಡ ಬಾಬತ್ತಿನಿಂದ ವ್ಯವಸ್ಥೆ ಮಾಡಿಕೊಡಿ. ನಕ್ಷೆ ಮಾಡುವ ಮೊದಲು ಎಂಜಿನಿಯರ್ ಒಮ್ಮೆ ಹಪ್ಪಳ ಒತ್ತುವವರ ಜೊತೆ ಕೂತು ಮಾತಾಡಲಿ, ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರ ಸಲಹೆಯನ್ನೂ ಪಡೆಯಲಿ.

ಮಿತಿ ಮಂಜೂರಾಗಿ ಖಾತೆ ತೆರೆದಿರಬೇಕಾದದ್ದು ಫೆಬ್ರವರಿ ಮಧ್ಯದೊಳಗೆ. ಮಾರ್ಚ್ ಕೊನೆಯಲ್ಲಿ ಬ್ಯಾಂಕುಗಳು ವರ್ಷಾಂತ್ಯದ ಗುರಿ ಮುಟ್ಟಲು ಕೊಡುವ ಸಾಲ ನಮ್ಮ ಕೈ ಸೇರುವಷ್ಟರಲ್ಲಿ ಅರ್ಧ ಮರಗಳಲ್ಲಿ ಗೊರಟು ಬಲಿತಿರುತ್ತದೆ. ಆದ್ದರಿಂದ ಡಿಸೆಂಬರ್ ಒಳಗೆ ನಡೆಯುವ ತ್ರೈಮಾಸಿಕ ಸಭೆಯಲ್ಲಿಯೇ ಈ ವಿಷಯ ಎತ್ತಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿಗಳು,
ಸಂಘದ ಸದಸ್ಯೆಯರು
ಉಡುಪಿ ತಾಲೂಕು